ಒಟ್ಟು 60 ಸೆಂಟ್: ಒಂದು ಜೊತೆ ಓಲೆಯ ಲೆಕ್ಕ

ನನ್ನ ಬಲಗಿವಿಯ ಓಲೆಯಲ್ಲಿ ಕಲ್ಲಿಲ್ಲ ಎಂದು ಮೊದಲು ಕಂಡವಳು ಹತ್ತನೇ ತರಗತಿಯ ಒಬ್ಬ ಹುಡುಗಿ. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದೆ. "ಮಿಸ್, ನಿಮ್ಮ ಓಲೆ..." ಎಂದು ತನ್ನ ಕಿವಿಯನ್ನೇ ಮುಟ್ಟಿ ತೋರಿಸಿದಳು. ಕೈ ಹಾಕಿ ನೋಡಿದರೆ ಬೆರಳಿಗೆ ಸಿಕ್ಕಿದ್ದು ನಾಲ್ಕು ಚೂಪು ತುದಿಗಳು, ನಡುವೆ ಖಾಲಿ.

ಆ ಸಂಜೆ ತರಗತಿಯ ಕಸವನ್ನೆಲ್ಲ ಗುಡಿಸಿ, ಚಹಾ ಸೋಸುವ ಜಾಲರಿಯಲ್ಲಿ ಜಾಲಿಸಿದೆವು. ಸೀಮೆಸುಣ್ಣದ ಪುಡಿಯಲ್ಲಿ ನಾಲ್ಕು ಮಿಲಿಮೀಟರಿನ ಬಿಳಿ ಕಲ್ಲನ್ನು ಹುಡುಕುವುದು ಎಂಥ ಕೆಲಸವೆಂದು ಅಂದು ತಿಳಿಯಿತು. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಬಿಟ್ಟು ನೋಡಿದರೆ ಕಲ್ಲು ಮಿಂಚುತ್ತದೆ ಎಂದು ಜವಾನರು ಹೇಳಿದರು. ಅದು ಒಳ್ಳೆಯ ಉಪಾಯವೇ. ನಮಗೆ ಮಿಂಚಿದ್ದು ಒಂದು ಗಾಜಿನ ಚೂರು ಮತ್ತು ಎರಡು ಚಮಕಿ.

ಐದು ವರ್ಷದ ಹಿಂದೆ ಸಂಬಳದ ಬಾಕಿ ಒಟ್ಟಿಗೆ ಬಂದಾಗ ಕೊಂಡಿದ್ದ ಒಂಟಿ ಕಲ್ಲಿನ ಓಲೆ ಅದು. ರಸೀದಿಯಲ್ಲಿ "ವಜ್ರ, 2 ಕಲ್ಲು, ಒಟ್ಟು 0.60 ಕ್ಯಾರೆಟ್" ಎಂದಿತ್ತು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರ ನೂರನೇ ಒಂದು ಪಾಲು ಸೆಂಟ್. ಅರವತ್ತನ್ನು ಎರಡರಿಂದ ಭಾಗಿಸಿ, ಕಿವಿಗೆ ಮೂವತ್ತು ಸೆಂಟ್ ಎಂದು ನಾನೇ ಅಂದುಕೊಂಡೆ. ಅಂಗಡಿಯವರು ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸರಾಸರಿಯ ಪಾಠ ಮಾಡಿದವಳು ನಾನು. ಸರಾಸರಿ ತಿಳಿದ ಮಾತ್ರಕ್ಕೆ ಬಿಡಿ ಅಂಕಗಳು ತಿಳಿಯುವುದಿಲ್ಲ ಎಂದು ವರ್ಷಕ್ಕೆ ಎರಡು ಬಾರಿಯಾದರೂ ಹೇಳುತ್ತೇನೆ.

ಖಾಲಿ ಓಲೆಯನ್ನೂ ಉಳಿದ ಓಲೆಯನ್ನೂ ನಮ್ಮ ಮನೆಯ ಹಳೆಯ ಆಚಾರಿಯವರ ಬಳಿಗೆ ಒಯ್ದೆ. ಮೈಸೂರಿನ ಹಳೆಯ ಬೀದಿಯೊಂದರಲ್ಲಿ ಎಂಟಡಿ ಅಗಲದ ಅಂಗಡಿ ಅವರದು. "ಇದಕ್ಕೆ ಜೊತೆಯಾಗುವ ಕಲ್ಲೊಂದನ್ನು ತರಿಸಿಕೊಡಿ, ಮೂವತ್ತು ಸೆಂಟಿನದು" ಎಂದೆ. ಅವರು ಲೂಪ್ ಎಂಬ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಎರಡನ್ನೂ ಸ್ವಲ್ಪ ಹೊತ್ತು ನೋಡಿದರು. "ಮೂವತ್ತು ಎಂದು ಯಾರು ಹೇಳಿದರು ಅಮ್ಮಾ? ಬಿಚ್ಚಿ ತೂಗೋಣ" ಎಂದರು.

ಬಿಚ್ಚಿ ತೂಗಿದರೆ ಉಳಿದ ಕಲ್ಲು 0.27 ಕ್ಯಾರೆಟ್ ಇತ್ತು. ರಸೀದಿಯ ಒಟ್ಟು ತೂಕ ನಿಜವಾಗಿದ್ದರೆ ಬಿದ್ದುಹೋದದ್ದು 33 ಸೆಂಟಿನದು. ಮನೆಗೆ ಬಂದು ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ತಂಗಿಯ ಮಗನ ಮುಂಜಿಯಲ್ಲಿ ನೇರ ಎದುರಿನಿಂದ ತೆಗೆದ ಒಂದು ಫೋಟೋದಲ್ಲಿ ಬಲಗಡೆಯದು ಢಾಳಾಗಿ ದೊಡ್ಡದಾಗಿ ಕಾಣುತ್ತಿತ್ತು. ಅದನ್ನು ಮೊದಲೂ ನೋಡಿದ್ದೆ. ನನ್ನ ಮುಖವೇ ಸ್ವಲ್ಪ ಓರೆ ಎಂದುಕೊಂಡು ಸುಮ್ಮನಾಗಿದ್ದೆ.

ಮೂರು ಸೆಂಟ್ ಆಚೀಚೆ ಎಂದರೆ ಏನು ಮಹಾ ಎಂದು ಕೇಳಬಹುದು. ನಮ್ಮ ಕಣ್ಣು ಕಾಣುವುದು ತೂಕವನ್ನಲ್ಲ, ಕಲ್ಲಿನ ಮೇಲ್ಮುಖದ ಅಗಲವನ್ನು. 27 ಸೆಂಟಿನ ನನ್ನ ಕಲ್ಲು 4.17 ಮಿಲಿಮೀಟರ್ ಇತ್ತು. ಅದೇ ಅಚ್ಚಿನ 33 ಸೆಂಟಿನ ಕಲ್ಲು ಸುಮಾರು 4.46 ಮಿಲಿಮೀಟರ್ ಬರುತ್ತದೆ. ವ್ಯಾಸದಲ್ಲಿ ನೂರಕ್ಕೆ ಏಳರಷ್ಟು ವ್ಯತ್ಯಾಸ, ಮುಖದ ವಿಸ್ತಾರದಲ್ಲಿ ಹದಿನಾಲ್ಕರಷ್ಟು. 0.1 ಮಿಲಿಮೀಟರಿನವರೆಗಿನ ವ್ಯತ್ಯಾಸವನ್ನು ಎರಡು ಕಿವಿಗಳ ದೂರದಲ್ಲಿ ಯಾರೂ ಗುರುತಿಸಲಾರರು. ಅದರ ಮೂರು ಪಟ್ಟಾದರೆ ಫೋಟೋ ಹೇಳಿಬಿಡುತ್ತದೆ.

ಇದರಲ್ಲಿ ಹಣದ ಮಾತೂ ಇದೆ. ವಜ್ರದ ಕ್ಯಾರೆಟ್ ದರ ಒಂದೇ ಸಮನೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವ್ಯಾಪಾರದ ದರಪಟ್ಟಿಯಲ್ಲಿ 23ರಿಂದ 29 ಸೆಂಟಿನವರೆಗೆ ಒಂದು ಮೆಟ್ಟಿಲು, 30ರಿಂದ 39ರವರೆಗೆ ಅದರ ಮೇಲಿನದು. ನನ್ನ ಒಂದು ಕಲ್ಲು ಕೆಳಗಿನ ಮೆಟ್ಟಿಲಿನದು, ರಸೀದಿಯಲ್ಲಿ ಹಾಕಿದ್ದು ಎರಡಕ್ಕೂ ಒಂದೇ ದರ. ಒಟ್ಟು ತೂಕವನ್ನಷ್ಟೇ ಬರೆದರೆ ಇಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಓಲೆಯ ಜೊತೆ ಬಂದ ಪ್ರಮಾಣಪತ್ರವೂ ಇಡೀ ಜೊತೆಗೆ ಒಂದೇ ಕಾರ್ಡು. ಕೂರಿಸಿದ ಕಲ್ಲನ್ನು ಬಿಡಿಯಾಗಿ ತೂಗುವಂತಿಲ್ಲವಾದ್ದರಿಂದ ಅದರಲ್ಲೂ ಒಟ್ಟು ತೂಕವೇ ಇತ್ತು. ಬಣ್ಣದ ದರ್ಜೆಯನ್ನೂ "ಜಿ–ಎಚ್" ಎಂದು ಎರಡಕ್ಕೂ ಸೇರಿಸಿ ಬರೆದಿದ್ದರು.

ನಮ್ಮಜ್ಜಿಯ ಏಳು ಕಲ್ಲಿನ ಬೆಂಡೋಲೆಗೂ "ಒಟ್ಟು 70 ಸೆಂಟ್" ಎಂದೇ ಹೇಳುತ್ತಿದ್ದರು. ಅಲ್ಲಿ ಆ ಎಪ್ಪತ್ತು ಹದಿನಾಲ್ಕು ಕಲ್ಲುಗಳಿಗೆ ಹಂಚಿಹೋಗಿ ಒಂದೊಂದಕ್ಕೆ ಐದೈದು ಸೆಂಟ್ ಬರುತ್ತದೆ. ನಡುವೆ ಒಂದು, ಸುತ್ತ ಆರು. ಒಂದು ವೃತ್ತದ ಸುತ್ತ ಅದೇ ಗಾತ್ರದ ಆರು ವೃತ್ತಗಳು ಸರಿಯಾಗಿ ಕೂರುತ್ತವೆ, ಆದ್ದರಿಂದ ಆ ಹೂವಿನಲ್ಲಿ ಒಂದು ಕಲ್ಲು ಹೆಚ್ಚುಕಡಿಮೆಯಾದರೂ ಆಕಾರವೇ ಕೆಟ್ಟು ಕಾಣುತ್ತದೆ. ಐದು ಸೆಂಟಿನ ಹದಿನಾಲ್ಕು ಕಲ್ಲು 35 ಸೆಂಟಿನ ಎರಡು ಕಲ್ಲಿಗಿಂತ ಎಷ್ಟೋ ಅಗ್ಗ, ಕಿವಿಯ ಮೇಲೆ ಎಷ್ಟೋ ಅಗಲ. ಅಂಗಡಿಯಲ್ಲಿ "ಇದೂ ಎಪ್ಪತ್ತು, ಅದೂ ಎಪ್ಪತ್ತು" ಎಂದು ಎರಡನ್ನು ಪಕ್ಕಪಕ್ಕ ಇಟ್ಟರೆ ಅದು ಹೋಲಿಕೆಯೇ ಅಲ್ಲ.

ಕಲ್ಲು ಬಿದ್ದದ್ದಾದರೂ ಏಕೆ? ನನ್ನ ಅಜಾಗರೂಕತೆ ಎಂದುಕೊಂಡಿದ್ದೆ. ಆಚಾರಿಯವರು ಖಾಲಿ ಗೂಡನ್ನು ಲೂಪಿನ ಕೆಳಗಿಟ್ಟು ನನಗೂ ತೋರಿಸಿದರು. ಕಲ್ಲನ್ನು ಹಿಡಿದಿರುವ ನಾಲ್ಕು ಕಾಲುಗಳಿಗೆ ಅಂಗಡಿಗಳಲ್ಲಿ ಪ್ರಾಂಗ್ ಎನ್ನುತ್ತಾರೆ. ಪ್ರತಿ ಪ್ರಾಂಗಿನ ಒಳಮೈಯಲ್ಲಿ ಒಂದು ಸಣ್ಣ ಕಚ್ಚು ಕೊರೆದು, ಕಲ್ಲಿನ ಅಂಚನ್ನು ಅದರೊಳಗೆ ಕೂರಿಸಿ, ತುದಿಯನ್ನು ಮೇಲಿನಿಂದ ಬಗ್ಗಿಸಿ ಒತ್ತಬೇಕು. ನನ್ನ ಎರಡೂ ಗೂಡುಗಳು ಅಚ್ಚಿನಲ್ಲಿ ಎರಕ ಹೊಯ್ದ ಸಿದ್ಧ ಗೂಡುಗಳು, ಎರಡೂ ಒಂದೇ ಅಳತೆ, ಮೂವತ್ತು ಸೆಂಟಿಗೆಂದು ಮಾಡಿದ್ದು. ದೊಡ್ಡ ಕಲ್ಲು ಅದರಲ್ಲಿ ಪೂರ್ತಿ ಇಳಿಯದೆ ಎತ್ತರದಲ್ಲೇ ನಿಂತಿತ್ತು. ಎತ್ತರದಲ್ಲಿ ನಿಂತದ್ದರಿಂದ ಪ್ರಾಂಗಿನ ತುದಿ ಕಲ್ಲಿನ ಮೇಲೆ ಬಾಗಲು ಚಿನ್ನ ಸಾಲಲಿಲ್ಲ, ಅಂಚನ್ನು ಸುಮ್ಮನೆ ಮುಟ್ಟಿಕೊಂಡಿತ್ತು. ಸಣ್ಣ ಕಲ್ಲು ಇನ್ನೊಂದರಲ್ಲಿ ಆಳಕ್ಕೆ ಇಳಿದು, ಸುತ್ತ ಸಡಿಲ ಉಳಿಸಿಕೊಂಡು ಕೂತಿತ್ತು. ಜೋಡಿ ಸರಿಯಿಲ್ಲದ್ದೂ ಕಲ್ಲು ಬಿದ್ದದ್ದೂ ಬೇರೆ ಬೇರೆ ದುರದೃಷ್ಟಗಳಲ್ಲ, ಒಂದೇ ತಪ್ಪಿನ ಎರಡು ಮುಖ.

ಮುನ್ಸೂಚನೆ ಸಿಕ್ಕಿತ್ತು ಎನ್ನುವುದೇ ಹೊಟ್ಟೆ ಉರಿಸುವ ಸಂಗತಿ. ಒಂದು ವಾರದಿಂದ ಬಲಗಡೆಯ ಓಲೆ ಸೆರಗಿನ ನೂಲನ್ನು ಎಳೆಯುತ್ತಿತ್ತು. ಸೀರೆಯನ್ನು ಬೈದುಕೊಂಡೆ. ಒತ್ತಿ ನಯಗೊಳಿಸಿದ ಪ್ರಾಂಗಿನ ತುದಿ ಬಟ್ಟೆಗೆ ಸಿಕ್ಕುವುದಿಲ್ಲ. ನೂಲು ಸಿಕ್ಕಿತೆಂದರೆ ತುದಿ ಎದ್ದಿದೆ ಎಂದೇ ಅರ್ಥ. ಆ ದಿನವೇ ಓಲೆ ತೆಗೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸದಲ್ಲಿ ಮುಗಿಯುತ್ತಿತ್ತು.

ಈಗ ಎರಡು ದಾರಿ ಇದ್ದವು. ಉಳಿದ ಕಲ್ಲನ್ನು ಮಾರಿ ಹೊಸ ಜೊತೆ ಕೊಳ್ಳುವುದು, ಅಥವಾ ಅದಕ್ಕೆ ಜೊತೆ ಹುಡುಕುವುದು. ಒಂಟಿ ಕಲ್ಲಿಗೆ ಮಾರುವಾಗ ಸಿಗುವ ಬೆಲೆ ಕೇಳಿದ ಮೇಲೆ ಎರಡನೆಯದೇ ವಾಸಿ ಎನಿಸಿತು. ಹೊಸ ಜೊತೆ ಮಾಡುವಾಗ ವ್ಯಾಪಾರಿ ಹತ್ತಾರು ಕಲ್ಲುಗಳಲ್ಲಿ ಒಂದಕ್ಕೊಂದು ಹೊಂದುವ ಯಾವುದಾದರೂ ಎರಡನ್ನು ಆರಿಸಬಹುದು. ಒಂದು ಕಲ್ಲು ಮೊದಲೇ ನಿಗದಿಯಾಗಿದ್ದರೆ ಹುಡುಕಾಟ ಇಕ್ಕಟ್ಟಾಗುತ್ತದೆ. ಮೂರು ವಾರ ಕಾಯಬೇಕಾಯಿತು.

ಬೆಂಗಳೂರಿನಿಂದ ಆಚಾರಿಯವರು ತರಿಸಿದ್ದು ಮೂರು ಕಲ್ಲು, ಮೂರಕ್ಕೂ ಪ್ರತ್ಯೇಕ ಪ್ರಮಾಣಪತ್ರ. ವಜ್ರ ಕಟ್ಟುವ ಕಾಗದದ ಮಡಿಕೆಯನ್ನು ಬಿಚ್ಚಿ, ಚಿಮಟದಲ್ಲಿ ಒಂದೊಂದನ್ನೇ ನನ್ನ ಹಳೆಯ ಕಲ್ಲಿನ ಪಕ್ಕಕ್ಕೆ ಇಟ್ಟರು.

ಮೊದಲನೆಯದು ತೂಕದಲ್ಲಿ ಪಕ್ಕಾ ಜೊತೆ, 0.27. ಪತ್ರದಲ್ಲಿ ಬಣ್ಣವೂ ಅದೇ. ಆದರೆ ಪಕ್ಕದಲ್ಲಿಟ್ಟ ಕೂಡಲೇ ಸಣ್ಣದಾಗಿ ಕಂಡಿತು. ಅಳೆದರೆ ಅಗಲ 4.02 ಮಿಲಿಮೀಟರ್ ಮಾತ್ರ. ಅದರ ತೂಕವೆಲ್ಲ ಹೊಟ್ಟೆಯಲ್ಲಿತ್ತು. ದುಂಡು ಕಲ್ಲಿನ ತೂಕವನ್ನು ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ: ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ಆಳದಿಂದ ಗುಣಿಸಿ, ಮತ್ತೆ 0.0061ರಿಂದ ಗುಣಿಸಬೇಕು. ಅಳತೆಗಳು ಮಿಲಿಮೀಟರಿನಲ್ಲಿದ್ದರೆ ಉತ್ತರ ಕ್ಯಾರೆಟಿನಲ್ಲಿ ಬರುತ್ತದೆ. ನನ್ನ ಹಳೆಯ ಕಲ್ಲಿನ ಅಗಲ 4.17, ಆಳ 2.54. ಗುಣಿಸಿದರೆ 0.269, ಅಂದರೆ 27 ಸೆಂಟ್. ಹೊಸದರ ಆಳ 2.74. ಅಗಲದ ಶೇಕಡ 68ರಷ್ಟು ಆಳ. ನನ್ನದು ಶೇಕಡ 61. ಆ ಹೆಚ್ಚಿನ ಆಳಕ್ಕೆ ನಾನು ದುಡ್ಡು ಕೊಡಬೇಕು, ನೋಡುವವರಿಗೆ ಅದು ಕಾಣುವುದೇ ಇಲ್ಲ. ಸಾಲದ್ದಕ್ಕೆ ಅಷ್ಟು ಆಳದ ಕಲ್ಲಿನಲ್ಲಿ ಬೆಳಕು ತಳದಿಂದ ಸೋರಿಹೋಗಿ ನಡುವೆ ಕಪ್ಪು ಮುಸುಕು ಕಾಣುತ್ತದೆ. ಅದನ್ನು ಮಡಿಸಿ ಬದಿಗಿಟ್ಟೆವು.

ಎರಡನೆಯದು ತೂಕದಲ್ಲೂ ಅಗಲದಲ್ಲೂ ಸರಿ, 27 ಸೆಂಟ್, 4.18 ಮಿಲಿಮೀಟರ್. ಇದೇ ಇರಲಿ ಎಂದೆ. ಆಚಾರಿಯವರು ಖೋಟಾ ನೋಟು ನೋಡುವ ನೇರಳೆ ದೀಪವನ್ನು ಹತ್ತಿಸಿ, ಅಂಗಡಿಯ ಬಾಗಿಲು ಎಳೆದು, ಎರಡೂ ಕಲ್ಲುಗಳನ್ನು ಅದರಡಿಯಲ್ಲಿ ಹಿಡಿದರು. ನನ್ನದು ಸುಮ್ಮನೆ ಕತ್ತಲಾಗಿಯೇ ಉಳಿಯಿತು. ಹೊಸದು ಗ್ಯಾಸ್ ಒಲೆಯ ಉರಿಯಂತೆ ನೀಲಿಯಾಗಿ ಹೊಳೆಯಿತು. ಕೆಲವು ವಜ್ರಗಳಿಗೆ ಈ ಗುಣ ಹುಟ್ಟಿನಿಂದಲೇ ಇರುತ್ತದೆ, ದೋಷವೇನಲ್ಲ, ಪತ್ರದಲ್ಲೂ ನಮೂದಾಗಿರುತ್ತದೆ. ಆದರೆ ಬಿಸಿಲಿನಲ್ಲೂ ನೇರಳಾತೀತ ಕಿರಣವಿದೆ. ಬಾಗಿಲು ತೆರೆದು ಹೊರಗೆ ನಿಂತು ನೋಡಿದೆವು. ನನ್ನ ಕಲ್ಲು ಚುರುಕಾಗಿ ಮಿಂಚಿತು, ಪಕ್ಕದ್ದು ನೀರು ಬೆರೆಸಿದ ಹಾಲಿನಂತೆ ಸ್ವಲ್ಪ ಮಸುಕಾಗಿತ್ತು. ಎರಡೂ ಹಾಗೆಯೇ ಇದ್ದರೆ ಅಡ್ಡಿಯಿಲ್ಲ. ಒಂದು ಹಾಗೆ, ಒಂದು ಹೀಗೆ ಇದ್ದರೆ ಅಂಗಡಿಯ ದೀಪದಲ್ಲಿ ಜೊತೆ, ದೇವಸ್ಥಾನದ ಅಂಗಳದಲ್ಲಿ ಬೇರೆ ಬೇರೆ.

ಮೂರನೆಯದನ್ನು ನಾನು ಮನಸ್ಸಿನಲ್ಲೇ ತಳ್ಳಿಹಾಕಿದ್ದೆ, ಏಕೆಂದರೆ ಅದು 26 ಸೆಂಟ್, ಶುದ್ಧತೆಯಲ್ಲೂ ಒಂದು ಮೆಟ್ಟಿಲು ಕೆಳಗೆ. ಅಳೆದರೆ 4.15 ಮಿಲಿಮೀಟರ್. ಹಳೆಯದಕ್ಕೂ ಇದಕ್ಕೂ 0.02 ವ್ಯತ್ಯಾಸ, ಕೂದಲೆಳೆಗಿಂತ ಕಡಿಮೆ. ನೇರಳೆ ದೀಪದಲ್ಲಿ ಎರಡೂ ಕತ್ತಲು. ಬಣ್ಣಕ್ಕಾಗಿ ಬಿಳಿ ಕಾಗದವನ್ನು ಮಡಿಸಿ, ಆ ಮಡಿಕೆಯಲ್ಲಿ ಎರಡನ್ನೂ ಬೋರಲು ಹಾಕಿ, ಕಿಟಕಿಯ ಬೆಳಕಿನಲ್ಲಿ ಪಕ್ಕದಿಂದ ನೋಡಿದೆವು. ಮೇಲಿನಿಂದ ನೋಡಿದರೆ ಮಿಂಚು ಕಣ್ಣನ್ನು ಮೋಸಗೊಳಿಸುತ್ತದೆ, ಬಣ್ಣ ತಿಳಿಯುವುದು ಪಕ್ಕದಿಂದಲೇ. ಹೊಸದು ಒಂದು ಎಳೆ ಹೆಚ್ಚು ಬಿಳಿ. ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ಆ ಎಳೆ ಉಳಿಯುವುದಿಲ್ಲ. ಶುದ್ಧತೆಯ ಕೊರತೆ ಎಂದರೆ ಅಂಚಿನ ಬಳಿ ಒಂದು ಚುಕ್ಕೆ, ಲೂಪಿನಲ್ಲಿ ಮಾತ್ರ ಕಾಣುವಂಥದ್ದು. "ಅದರ ಮೇಲೆಯೇ ಒಂದು ಪ್ರಾಂಗ್ ಬರುವ ಹಾಗೆ ತಿರುಗಿಸಿ ಕೂರಿಸುತ್ತೇನೆ" ಎಂದರು. ತೂಕವೂ ಕಡಿಮೆ, ಶುದ್ಧತೆಯೂ ಕಡಿಮೆ ಇದ್ದ, ಮೂರರಲ್ಲಿ ಅಗ್ಗದ ಕಲ್ಲೇ ನನ್ನದಕ್ಕೆ ನಿಜವಾದ ಜೊತೆಯಾಯಿತು. ಪತ್ರ ಮಾತ್ರ ನೋಡಿ ಆರಿಸಿದ್ದರೆ ಇದನ್ನು ಕೊನೆಯಲ್ಲಿ ಇಡುತ್ತಿದ್ದೆ.

ಪತ್ರ ಬೇಡವೇ ಬೇಡ ಎನ್ನುತ್ತಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನು ಗಣಿಯದರಿಂದ ಬೇರೆ ಮಾಡಲು ಅಂಗಡಿಯ ಪೆನ್ನಿನಂಥ ಪರೀಕ್ಷಕ ಸಾಲದು. ಅದು ಶಾಖ ಹರಿಯುವುದನ್ನು ಅಳೆಯುತ್ತದೆ, ಎರಡೂ ವಜ್ರವೇ ಆದ್ದರಿಂದ ಎರಡಕ್ಕೂ ಹೌದು ಎನ್ನುತ್ತದೆ. ಹೊಸ ಕಲ್ಲಿನ ಅಂಚಿನ ಪಟ್ಟಿಯ ಮೇಲೆ ಲೇಸರಿನಲ್ಲಿ ಕೊರೆದ ಸಂಖ್ಯೆ ಇತ್ತು. ಕೂರಿಸುವ ಮೊದಲೇ ಅದನ್ನು ಪತ್ರದ ಸಂಖ್ಯೆಯೊಂದಿಗೆ ತಾಳೆ ನೋಡಿಕೊಂಡೆ. ಕೂರಿಸಿದ ಮೇಲೆ ಪ್ರಾಂಗ್ ಅಡ್ಡ ಬಂದರೆ ಓದಲಾಗುವುದಿಲ್ಲ.

ಹಳೆಯ ಗೂಡುಗಳನ್ನು ಕರಗಿಸಲು ಕೊಟ್ಟು, 18 ಕ್ಯಾರೆಟ್ ಚಿನ್ನದಲ್ಲಿ ಹೊಸದು ಮಾಡಿಸಿದೆ. ನಮ್ಮತ್ತೆಗೆ 22 ಕ್ಯಾರೆಟೇ ಆಗಬೇಕಿತ್ತು. ಅಪ್ಪಟಕ್ಕೆ ಹತ್ತಿರವಿದ್ದಷ್ಟೂ ಚಿನ್ನ ಮೆದು, ಮೆದು ಚಿನ್ನದ ಸಣ್ಣ ಪ್ರಾಂಗ್ ಬೇಗ ಸವೆಯುತ್ತದೆ, ಬೇಗ ಬಾಗುತ್ತದೆ ಎಂದು ಆಚಾರಿಯವರೇ ಅವರಿಗೆ ವಿವರಿಸಿದರು. ನಾನು ಹೇಳಿದ್ದರೆ ಅತ್ತೆ ಒಪ್ಪುತ್ತಿರಲಿಲ್ಲ. ಕಲ್ಲಿನ ಸುತ್ತ ಚಿನ್ನದ ಪಟ್ಟಿ ಕಟ್ಟಿಸಿದರೆ ಅತ್ಯಂತ ಭದ್ರ. ಆದರೆ ಕಲ್ಲಿನ ಅಂಚು ಮರೆಯಾಗುತ್ತದೆ, ಮುಂದೆ ಬಿಚ್ಚುವುದೂ ಕಷ್ಟ. ನಾಲ್ಕರ ಬದಲು ಆರು ಪ್ರಾಂಗ್ ಸಾಕೆಂದೆ. ನಾಲ್ಕರಲ್ಲಿ ಒಂದು ಎದ್ದರೆ ಕಲ್ಲಿನ ಒಂದು ಬದಿಯೇ ಬಯಲು, ಆರರಲ್ಲಿ ಒಂದು ಎದ್ದರೂ ಅಕ್ಕಪಕ್ಕದವು ಹಿಡಿದಿರುತ್ತವೆ. ಮುಖ್ಯವಾಗಿ, ಒಂದೊಂದು ಕಲ್ಲನ್ನೂ ಅದರದ್ದೇ ಗೂಡಿನಲ್ಲಿಟ್ಟು ನೋಡಿ, ಅದಕ್ಕೆ ತಕ್ಕ ಆಳದಲ್ಲಿ ಕಚ್ಚು ಕೊರೆಯಲು ಹೇಳಿದೆ.

ಬಿಲ್ಲನ್ನು ನಾನೇ ಪಕ್ಕದಲ್ಲಿ ಕೂತು ಬರೆಸಿದೆ. ಒಂದನೇ ಕಲ್ಲು 0.27, ಎರಡನೇ ಕಲ್ಲು 0.26, ಬೇರೆ ಬೇರೆ ಸಾಲಿನಲ್ಲಿ, ಮಿಲಿಮೀಟರ್ ಅಳತೆಯ ಸಮೇತ. ಓಲೆಯ ಒಟ್ಟು ತೂಕ 3.240 ಗ್ರಾಂ. ಕಲ್ಲುಗಳ 0.53 ಕ್ಯಾರೆಟ್ ಎಂದರೆ 0.106 ಗ್ರಾಂ. ಕಳೆದರೆ ಚಿನ್ನ 3.134 ಗ್ರಾಂ. ಚಿನ್ನದ ದರ ಹಾಕಬೇಕಾದ್ದು ಈ ಕೊನೆಯ ಸಂಖ್ಯೆಗೆ. ಕಳೆಯದೆ ಬಿಟ್ಟರೆ ವಜ್ರದ ತೂಕಕ್ಕೆ ಎರಡು ಬಾರಿ ಹಣ ಕೊಟ್ಟಂತೆ, ಒಮ್ಮೆ ವಜ್ರವಾಗಿ, ಇನ್ನೊಮ್ಮೆ ಚಿನ್ನವಾಗಿ.

ತಿರುಪಿನ ಮಾತು ಉಳಿಯಿತು. ಕಲ್ಲು ಎಷ್ಟು ಭದ್ರವಾಗಿದ್ದರೂ ತಿರುಪು ಬಿಚ್ಚಿಕೊಂಡರೆ ಓಲೆಗೆ ಓಲೆಯೇ ಹೋಗುತ್ತದೆ. ತೆಳು ಕಡ್ಡಿಯದಕ್ಕೆ ಬಾಂಬೆ ಸ್ಕ್ರೂ, ದಪ್ಪ ಕಡ್ಡಿಯದಕ್ಕೆ ಸೌತ್ ಸ್ಕ್ರೂ ಎನ್ನುತ್ತಾರೆ. ಚಿಕ್ಕಂದಿನಿಂದ ದಪ್ಪ ತಿರುಪು ಹಾಕಿದ್ದ ನನ್ನ ಕಿವಿಗೆ ತೆಳುವಾದದ್ದು ಹಾಕಿದರೆ ಓಲೆ ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ಹಾಗಾಗಿ ದಪ್ಪದ್ದೇ. ತಿರುಪು ಹಾಕುವಾಗ ಸುತ್ತು ಎಣಿಸುತ್ತೇನೆ. ಹೊಸದರಲ್ಲಿ ಆರು ಸುತ್ತು ಬರುತ್ತಿತ್ತು. ಅದು ಒಂದು ದಿನ ಮೂರಕ್ಕೇ ಬಿಗಿಯಾದರೆ ತಿರುಪಿನ ಎಳೆ ಅಡ್ಡ ಕೂತಿದೆ, ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ಎಳೆ ಸವೆದಿದೆ. ಎಡದ್ದನ್ನು ಬಲಕ್ಕೆ ಹಾಕುವುದಿಲ್ಲ, ಒಂದೊಂದು ತಿರುಪೂ ತನ್ನ ಕಡ್ಡಿಯೊಂದಿಗೇ ಸವೆದು ಹೊಂದಿಕೊಂಡಿರುತ್ತದೆ. ಎಡದ ತಿರುಪಿನ ಹಿಂದೆ ಆಚಾರಿಯವರಿಂದ ಒಂದು ಚುಕ್ಕೆ ಹೊಡೆಸಿದ್ದೇನೆ. ಮಾಸ್ಕ್ ಹಾಕುತ್ತಿದ್ದ ಕಾಲದಲ್ಲಿ ಕಿವಿಯ ದಾರ ಎಳೆದು ಎಳೆದು ತಿರುಪು ಸಡಿಲವಾಗುತ್ತಿತ್ತು, ಈಗ ಹೆಲ್ಮೆಟ್ ಆ ಕೆಲಸ ಮಾಡುತ್ತದೆ. ಹೆಲ್ಮೆಟ್ ತೆಗೆದ ಕೂಡಲೇ ಎರಡೂ ಕಿವಿ ಮುಟ್ಟಿ ನೋಡಿಕೊಳ್ಳುವುದು ಅಭ್ಯಾಸವಾಗಿದೆ.

ತಿಂಗಳಿಗೊಮ್ಮೆ ತೊಳೆಯುತ್ತೇನೆ, ಏಕೆಂದರೆ ವಜ್ರಕ್ಕೆ ಜಿಡ್ಡು ಬಲು ಬೇಗ ಹತ್ತುತ್ತದೆ, ಎಣ್ಣೆಸ್ನಾನದ ಮರುದಿನ ಗಾಜಿಗಿಂತ ಕಡೆಯಾಗಿ ಕಾಣುತ್ತದೆ. ಸಿಂಕಿನ ಮೇಲೆ ಎಂದೂ ಅಲ್ಲ, ಬಟ್ಟಲಿನಲ್ಲಿ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಕಲ್ಲಿನ ಹಿಂಬದಿಯಿಂದ. ಅಜ್ಜಿಯ ಬೆಂಡೋಲೆಯನ್ನು ಮಾತ್ರ ಹೀಗೆ ನೆನೆಸುವುದಿಲ್ಲ. ಅದರ ಹಿಂಬದಿ ಪೂರ್ತಿ ಮುಚ್ಚಿದೆ, ನೀರು ಒಳಗೆ ಸೇರಿದರೆ ಕಲ್ಲು ಮಂಕಾಗಿಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ.

ಒಣಗಿದ ಮೇಲೆ ಎರಡು ಪರೀಕ್ಷೆ. ಓಲೆಯನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟುತ್ತೇನೆ. ಸಣ್ಣಗೆ ಟಿಕ್ ಟಿಕ್ ಎಂದರೆ ಕಲ್ಲು ಅಲುಗುತ್ತಿದೆ. ಆಮೇಲೆ ಹತ್ತಿಯ ಚೂರನ್ನು ಆರೂ ಪ್ರಾಂಗುಗಳ ಮೇಲೆ ಎಳೆಯುತ್ತೇನೆ. ಕಳೆದ ಶ್ರಾವಣದಲ್ಲಿ ಎಡಗಡೆಯ ಒಂದು ಪ್ರಾಂಗಿಗೆ ಹತ್ತಿಯ ಎಳೆಯೊಂದು ಸಿಕ್ಕಿ ನಿಂತಿತು. ಮರುದಿನ ಶಾಲೆಗೆ ಹೋಗುವ ಮೊದಲೇ ಆಚಾರಿಯವರ ಅಂಗಡಿಯ ಬಾಗಿಲಲ್ಲಿದ್ದೆ. ಅವರು ಇನ್ನೂ ದೀಪ ಹಚ್ಚುತ್ತಿದ್ದರು. ಒತ್ತಿ, ಉಜ್ಜಿ, ಹತ್ತಿಯನ್ನು ತಾವೇ ಒಮ್ಮೆ ಎಳೆದು ನೋಡಿ ಕೈಗಿತ್ತರು. ಆ ದಿನ ಮೊದಲ ಪಿರಿಯಡ್ ತಪ್ಪಲಿಲ್ಲ.